ದಿನಾ 100 ಮಿ.ಗ್ರಾಂ ಮಾತ್ರೆ, ದಿನಕ್ಕೆ 40% ಹೊರಗೆ: ಕೊನೆಗೆ ಮೈಯಲ್ಲಿರೋದು 250ಓ 150ಓ?

ಹೊಂಗೆನೆರಳು
ಮಗಳ ಗಣಿತ ಪುಸ್ತಕದಲ್ಲಿ ಗುಣೋತ್ತರ ಶ್ರೇಢಿ ಪಾಠದ ಕೊನೆಗೆ ಒಂದು ಲೆಕ್ಕ ಇದೆ. ರೋಗಿಯೊಬ್ಬರು ದಿನಾ ಬೆಳಗ್ಗೆ ಅದೇ ಹೊತ್ತಿಗೆ 100 ಮಿ.ಗ್ರಾಂ ಮಾತ್ರೆ ತಗೋತಾರೆ. ಮೈಯಲ್ಲಿರೋ ಔಷಧದಲ್ಲಿ 40% ಪ್ರತಿ 24 ಗಂಟೆಗೆ ಹೊರಗೆ ಹೋಗುತ್ತೆ. "ದೀರ್ಘಕಾಲದಲ್ಲಿ ದೇಹದಲ್ಲಿ ಉಳಿಯುವ ಔಷಧದ ಪ್ರಮಾಣ ಎಷ್ಟು?" ಅಂತ ಪ್ರಶ್ನೆ.

ನಾವಿಬ್ಬರೂ ಕೂತು ಮಾಡಿದ್ದು ಹೀಗೆ: ಮೊದಲ ದಿನ 100. ಎರಡನೇ ದಿನ ಹಿಂದಿನ 60 ಮತ್ತು ಹೊಸ 100 ಸೇರಿ 160. ಮೂರನೇ ದಿನ 96 ಮತ್ತು 100, ಅಂದ್ರೆ 196. ಹೀಗೇ ಮುಂದುವರಿಸಿ ಅನಂತ ಶ್ರೇಢಿಯ ಮೊತ್ತ ಹಾಕಿದ್ರೆ 100/(1 − 0.6) = 250 ಬಂತು. ಪುಸ್ತಕದ ಹಿಂದೆ ಉತ್ತರ 150 ಅಂತಿದೆ. ಮೂರು ಸಲ ಮಾಡಿದೆವು, ಮೂರು ಸಲವೂ 250. ಮಗಳು ಪುಸ್ತಕ ತಪ್ಪು ಅಂತಾಳೆ, ನನಗೆ ಅಷ್ಟು ಧೈರ್ಯ ಇಲ್ಲ. ಎಲ್ಲಿ ಎಡವಿದ್ದೀವಿ?

ಗಡಿಬಿಡಿ
ಎರಡೂ ತಪ್ಪು. 100/0.6 = 166.7.

ಹೊಂಗೆನೆರಳು
@ಗಡಿಬಿಡಿ 0.6 ಛೇದಕ್ಕೆ ಹೇಗೆ ಬಂತು?

ಗಡಿಬಿಡಿ
r = 0.4 ಅಲ್ವಾ? 1 − 0.4 = 0.6.

ತಾಳೆಪುಟ
ಅಲ್ಲ. 40% ಹೋಗೋ ಪಾಲು, ಉಳಿಯೋ ಪಾಲಲ್ಲ. ಮುಂದಿನ ದಿನಕ್ಕೆ ದಾಟೋದು 60%, ಆದ್ದರಿಂದ r = 0.6, ಛೇದ 0.4. ಈ ಲೆಕ್ಕದಲ್ಲಿ ಮಕ್ಕಳು ಅತಿ ಹೆಚ್ಚು ಸಲ ಮಾಡೋ ತಪ್ಪು ಇದೇ. ಹತ್ತೊಂಬತ್ತು ವರ್ಷ ಪಾಠ ಮಾಡಿದೀನಿ, ಪ್ರತಿ ವರ್ಷ ತರಗತಿಯಲ್ಲಿ ಮೂರ್ನಾಲ್ಕು ಜನಕ್ಕೆ 166.7 ಬರುತ್ತೆ. ಅನುಮಾನ ಬಂದ್ರೆ ಎರಡನೇ ದಿನದ್ದನ್ನ ಕೈಯಲ್ಲೇ ಮಾಡಿ ನೋಡಿ. 160 ಬರಬೇಕು. 140 ಬಂದ್ರೆ r ಅದಲು ಬದಲಾಗಿದೆ ಅಂತ ತಿಳೀಬೇಕು.

ಹೊಂಗೆನೆರಳು ಮೇಡಂ, ನಿಮ್ಮ 250 ಸರಿ. ಪುಸ್ತಕದ 150ಯೂ ಸರಿ. 250 ಮಾತ್ರೆ ನುಂಗಿದ ಕ್ಷಣದ್ದು. 150 ಮಾರನೇ ದಿನದ ಮಾತ್ರೆ ನುಂಗೋಕೆ ಮುಂಚಿನ ಕ್ಷಣದ್ದು. 250ರ 60% ಎಷ್ಟು ನೋಡಿ.

ಹೊಂಗೆನೆರಳು
150! ಅಯ್ಯೋ, ಇಷ್ಟು ಹೊತ್ತು ಅದೇ ಕಣ್ಣಿಗೆ ಬಿದ್ದಿರಲಿಲ್ಲ. ಅಂದ್ರೆ ಪ್ರತಿ ದಿನ 250ರಿಂದ 150ಕ್ಕೆ ಇಳಿದು ಮತ್ತೆ 250ಕ್ಕೆ ಏರೋದು?

ತಾಳೆಪುಟ
ಹೌದು. ಏರಿಳಿತದ ಅಂತರ ಯಾವಾಗಲೂ ಸರಿಯಾಗಿ ಒಂದು ಡೋಸ್. 40% ಬದಲು ಬೇರೆ ಯಾವ ಪಾಲು ಹಾಕಿದರೂ ಅಂತರ 100ಏ ಇರುತ್ತೆ, ಮೇಲಿನ ಅಂಚು ಕೆಳಗಿನ ಅಂಚು ಎರಡೂ ಒಟ್ಟಿಗೇ ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ.

ನೇರನುಡಿ
ನನಗೆ ಇದು ಒಪ್ಪಿಗೆ ಇಲ್ಲ. ದಿನಾ 100 ಒಳಗೆ ಬರುತ್ತೆ, 40 ಹೊರಗೆ ಹೋಗುತ್ತೆ. ದಿನಕ್ಕೆ 60 ಉಳೀತು. ಹತ್ತು ದಿನಕ್ಕೆ 600, ತಿಂಗಳಿಗೆ 1800. ಇದು ನಿಲ್ಲೋದೇ ಇಲ್ಲ. ಸೂತ್ರ ಹಾಕಿ 250 ಅಂದುಬಿಟ್ರೆ ಆಯ್ತಾ?

ಸೊನ್ನೆಒಂದು
ಸೂತ್ರ ಬೇಡ ಅಂದ್ರೆ ಬೇಡ, ದಿನ ದಿನ ಎಣಿಸೋಣ.

```
x = 0
for n in range(1, 13):
    x = 0.6*x + 100
    print(n, round(x, 1), round(0.6*x, 1))
```

ಮೊದಲನೇದು ದಿನ, ಎರಡನೇದು ಮಾತ್ರೆ ಆದ ತಕ್ಷಣ, ಮೂರನೇದು ಮರುದಿನ ಮಾತ್ರೆಗೆ ಮುಂಚೆ. 5ನೇ ದಿನ 230.6 ಮತ್ತು 138.3. 7ನೇ ದಿನ 243 ಮತ್ತು 145.8. 10ನೇ ದಿನ 248.5 ಮತ್ತು 149.1. 12ನೇ ದಿನ 249.5 ಮತ್ತು 149.7. ಎಲ್ಲಿದೆ ಸ್ವಾಮಿ 1800?

ನೇರನುಡಿ
ಕಂಪ್ಯೂಟರ್‌ಗೆ ನೀವು ಏನು ಹೇಳಿದ್ರೋ ಅದನ್ನೇ ಮಾಡಿದೆ. 0.6ರಿಂದ ಗುಣಿಸು ಅಂತ ಹೇಳಿದೋರು ನೀವೇ. ನಾನು ಹೇಳಿದ್ದು 40 ಕಳೆ ಅಂತ.

ತಾಳೆಪುಟ
ಸರ್, 40 ಅನ್ನೋದು ಮೊದಲ ದಿನಕ್ಕೆ ಮಾತ್ರ. ಎರಡನೇ ದಿನ ಮೈಯಲ್ಲಿ 160 ಇದೆ, ಅದರ 40% ಅಂದ್ರೆ 64 ಹೋಗುತ್ತೆ. ಮೂರನೇ ದಿನ 196ರಲ್ಲಿ 78.4. ನಾಲ್ಕನೇ ದಿನ 87. ಒಳಗೆ ಹೆಚ್ಚಿದ್ದಷ್ಟೂ ಹೊರಗೆ ಹೋಗೋದೂ ಹೆಚ್ಚುತ್ತೆ. ಹೊರಗೆ ಹೋಗೋದು 100 ಮುಟ್ಟಿದಾಗ ಬರೋದು ಹೋಗೋದು ಸಮ. 0.4 × x = 100 ಅಂದ್ರೆ x = 250.

ಕಹಿಗುಳಿಗೆ
ನೇರನುಡಿ ಅವರ ಲೆಕ್ಕ ಈ ಪ್ರಶ್ನೆಗೆ ತಪ್ಪು, ಆದರೆ ಆ ಯೋಚನೆಯನ್ನ ಪಕ್ಕಕ್ಕೆ ತಳ್ಳಬೇಡಿ. ದಿನಕ್ಕೆ ಇಷ್ಟೇ ಮಿ.ಗ್ರಾಂ ಹೊರಗೆ ಹಾಕ್ತೀನಿ, ಒಳಗೆ ಎಷ್ಟೇ ಇದ್ದರೂ ಅಷ್ಟೇ ಅಂತ ದೇಹ ನಡೆದುಕೊಳ್ಳೋ ಪದಾರ್ಥಗಳು ನಿಜವಾಗಿ ಇವೆ. ಮದ್ಯ ಹಾಗೇ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಹೊಂಗೆನೆರಳು
ತಾಳೆಪುಟ ಸರ್, ಆ ಕೊನೇ ಸಾಲು ತುಂಬಾ ಸುಲಭ ಇದೆ. ಬರೋದು ಹೋಗೋದು ಸಮ ಅಂತ ಒಂದೇ ಗೆರೆಯಲ್ಲಿ ಉತ್ತರ ಬರೋದಾದ್ರೆ ಶ್ರೇಢಿ ಯಾಕೆ ಬೇಕು?

ತಾಳೆಪುಟ
ಒಳ್ಳೆ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಬರೀತೀನಿ.

"ಸಮ" ಅಂತ ಬರೆದ ತಕ್ಷಣ ಅಂಥ ಒಂದು ಮಟ್ಟಕ್ಕೆ ಮೈ ಬಂದು ನಿಲ್ಲುತ್ತೆ ಅಂತ ನಾವು ಮೊದಲೇ ಒಪ್ಪಿಕೊಂಡ ಹಾಗಾಯ್ತು. ಅದು ಯಾವಾಗಲೂ ನಿಜ ಅಲ್ಲ. 1 + 2 + 4 + 8 + ... ತಗೊಳ್ಳಿ. ಮೊತ್ತ S ಅಂದುಕೊಂಡ್ರೆ S = 1 + 2S, ಅಂದ್ರೆ S = −1. ಧನ ಸಂಖ್ಯೆಗಳನ್ನ ಕೂಡಿಸ್ತಾ ಹೋಗಿ ಋಣ ಬಂತು. ಬೀಜಗಣಿತದಲ್ಲಿ ತಪ್ಪಿಲ್ಲ, ಇಲ್ಲದ ಮೊತ್ತಕ್ಕೆ ಹೆಸರು ಕೊಟ್ಟಿದ್ದು ತಪ್ಪು.

ನಾನು ತರಗತಿಯಲ್ಲಿ ಇರೋದನ್ನ ಬಿಟ್ಟು ಕೊರತೆಯನ್ನ ನೋಡಿ ಅಂತೀನಿ. ಮಾತ್ರೆ ಆದ ತಕ್ಷಣದ ಮಟ್ಟ 250ಕ್ಕೆ ಎಷ್ಟು ಕಡಿಮೆ ಇದೆ? ಮೊದಲ ದಿನ 150 ಕಡಿಮೆ. ಎರಡನೇ ದಿನ 90. ಮೂರನೇ ದಿನ 54. ನಾಲ್ಕನೇ ದಿನ 32.4. ಪ್ರತಿ ದಿನದ ಕೊರತೆ ಹಿಂದಿನ ದಿನದ್ದರ 0.6 ಪಾಲು. ಹೀಗೆ ಕುಗ್ಗೋದು ಸೊನ್ನೆಗೇ ಹೋಗಬೇಕು, ಆದ್ದರಿಂದ 250 ನಿಜವಾಗಿ ತಲುಪೋ ಗುರಿ. ಇದರಿಂದ ಇನ್ನೊಂದು ವಿಷಯವೂ ಸಿಗುತ್ತೆ, ಸೂತ್ರ ಮಾತ್ರ ನೋಡಿದ್ರೆ ಅದು ಕಾಣಲ್ಲ: ಕೊರತೆ ಎಷ್ಟು ಬೇಗ ಕರಗುತ್ತೆ ಅನ್ನೋದಕ್ಕೂ ಡೋಸಿಗೂ ಸಂಬಂಧವೇ ಇಲ್ಲ. 100ರ ಬದಲು 200 ಕೊಟ್ಟರೆ ಗುರಿ 500 ಆಗುತ್ತೆ, ಅದರ ಹತ್ತಿರ ಹೋಗೋಕೆ ಹಿಡಿಯೋ ದಿನಗಳು ಅಷ್ಟೇ.

ಬೆಳ್ಳಿಮೋಡ
ಇದು ನನಗೆ ಈಗ ಅರ್ಥ ಆಯ್ತು!! ಥೈರಾಯ್ಡ್ ಮಾತ್ರೆ ಶುರು ಮಾಡಿದಾಗ ಹತ್ತೇ ದಿನಕ್ಕೆ ನಾನಾಗೇ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಸ್ವಲ್ಪವೇ ಬದಲಾಗಿತ್ತು. ಡೋಸ್ ಹೆಚ್ಚಿಸಿ ಅಂತ ಹಟ ಹಿಡಿದೆ. ಡಾಕ್ಟರ್ ಆರು ವಾರ ಆಗದೆ ಆ ರಿಪೋರ್ಟ್ ನೋಡೋದೇ ಇಲ್ಲ ಅಂದ್ರು. ಆಗ ಬೇಜಾರಾಗಿತ್ತು, ನನ್ನ ಮಾತು ಕೇಳ್ತಿಲ್ಲ ಅನ್ನಿಸ್ತು. ಆ ಆರು ವಾರವೂ ಇದೇ ಲೆಕ್ಕದಿಂದ ಬಂದಿದ್ದಾ?

ಕಹಿಗುಳಿಗೆ
ಬಹುಪಾಲು ಇದೇ ಲೆಕ್ಕ ಅಕ್ಕ. ಥೈರಾಕ್ಸಿನ್ ಅರ್ಧ ಆಗೋಕೆ ಸುಮಾರು 7 ದಿನ ಹಿಡಿಯುತ್ತೆ. ಅಂದ್ರೆ ಒಂದು ದಿನಕ್ಕೆ ಹೋಗೋದು ಸುಮಾರು 9.4%, ಉಳಿಯೋದು 90.6%. ಕೊರತೆ ವಾರಕ್ಕೆ ಅರ್ಧ ಆಗ್ತಾ ಹೋಗುತ್ತೆ. ಹತ್ತು ದಿನಕ್ಕೆ ನೀವು ಗುರಿಯ 63% ಮುಟ್ಟಿದ್ರಿ. ಆರು ವಾರಕ್ಕೆ ಕೊರತೆ ಆರು ಸಲ ಅರ್ಧ ಆಗಿ 1/64, ಅಂದ್ರೆ 98% ಮೀರಿರುತ್ತೆ. ಸಾಲದ್ದಕ್ಕೆ ಪರೀಕ್ಷೆಯಲ್ಲಿ ನೋಡೋ ಟಿ.ಎಸ್.ಎಚ್. ಅನ್ನೋದು ಮಿದುಳಿನ ಬುಡದ ಗ್ರಂಥಿಯ ಪ್ರತಿಕ್ರಿಯೆ. ಅದು ಔಷಧದ ಮಟ್ಟಕ್ಕಿಂತ ಇನ್ನೂ ತಡವಾಗಿ ಹೊಂದಿಕೊಳ್ಳುತ್ತೆ. ಹತ್ತನೇ ದಿನದ ರಿಪೋರ್ಟ್ ನೋಡಿ ಡೋಸ್ ಏರಿಸಿದ್ದರೆ ಎರಡನೇ ತಿಂಗಳಲ್ಲಿ ಎದೆ ಬಡಿತ ಜಾಸ್ತಿಯಾಗಿ ಮತ್ತೆ ಓಡಿ ಬರಬೇಕಾಗಿತ್ತು.

ಬೆಳ್ಳಿಮೋಡ
ಅವತ್ತೇ ಯಾರಾದ್ರೂ ಇಷ್ಟು ಬಿಡಿಸಿ ಹೇಳಿದ್ದರೆ ನಾನು ಜಗಳ ಆಡ್ತಿರಲಿಲ್ಲ.

ಮುಸ್ಸಂಜೆ
ನಾನು ನಿನ್ನೆ ಮಾತ್ರೆ ಮರೆತೆ. ಇವತ್ತು ಎರಡು ತಗೊಳ್ಳಬಹುದಾ? ಲೆಕ್ಕದಲ್ಲಿ ಸರಿ ಹೋಗುತ್ತಾ?

ಕಹಿಗುಳಿಗೆ
ಯಾವ ಮಾತ್ರೆ ಅನ್ನೋದರ ಮೇಲೆ ನಿಂತಿದೆ, ಇಲ್ಲಿ ಕೇಳೋ ವಿಷಯ ಅಲ್ಲ. ಮಾತ್ರೆಯ ಜೊತೆ ಬರೋ ಚೀಟಿ ನೋಡಿ, ಇಲ್ಲಾ ಬರೆದುಕೊಟ್ಟ ಡಾಕ್ಟರಿಗೆ ಈಗಲೇ ಫೋನ್ ಮಾಡಿ.

ಸೊನ್ನೆಒಂದು
ಔಷಧದ ಸಲಹೆ ಅಲ್ಲ, ಮೇಲಿನ ಪುಸ್ತಕದ ಲೆಕ್ಕಕ್ಕೆ ಮಾತ್ರ ಹೇಳ್ತೀನಿ. 150ರಲ್ಲಿ ಇದ್ದಾಗ ಒಂದು ಮಾತ್ರೆ ತಪ್ಪಿದ್ರೆ ಮರುದಿನ 90. ಎಂದಿನ ಒಂದೇ ತಗೊಂಡ್ರೆ 190, ಅಂದ್ರೆ ಗುರಿಗೆ 60 ಕಡಿಮೆ. ಎರಡು ತಗೊಂಡ್ರೆ 290, ಗುರಿಗಿಂತ 40 ಹೆಚ್ಚು. ಎರಡರಲ್ಲೂ ವ್ಯತ್ಯಾಸ ದಿನಾ 0.6 ಪಾಲಾಗಿ ಕರಗುತ್ತೆ. 290 ಮೈಗೆ ತಡೆಯುತ್ತಾ ಇಲ್ವಾ ಅಂತ ಲೆಕ್ಕ ಹೇಳಲ್ಲ.

ಮುಸ್ಸಂಜೆ
ಸರಿ, ಫೋನ್ ಮಾಡ್ತೀನಿ.

ಗಡಿಬಿಡಿ
ಗುರಿ 250 ಅಂತ ಗೊತ್ತಿದ್ರೆ ಮೊದಲ ದಿನವೇ 250 ಕೊಟ್ಟುಬಿಡಿ. ಹತ್ತು ದಿನ ಯಾಕೆ ಕಾಯಬೇಕು?

ತಾಳೆಪುಟ
ಈ ಸಲ ನೀವು ಹೇಳಿದ್ದು ಪೂರ್ತಿ ಸರಿ. ಮೊದಲ ದಿನ 250, ಮರುದಿನದಿಂದ 100. ಕೊರತೆ ಮೊದಲೇ ಸೊನ್ನೆ, 0.6 ಪಾಲು ಮಾಡಿದರೂ ಸೊನ್ನೆ. ಆಸ್ಪತ್ರೆಗಳಲ್ಲಿ ಹೀಗೆ ಮಾಡ್ತಾರಾ ಅಂತ ಕಹಿಗುಳಿಗೆ ಅವರೇ ಹೇಳಬೇಕು.

ಕಹಿಗುಳಿಗೆ
ಮಾಡ್ತೀವಿ, ಲೋಡಿಂಗ್ ಡೋಸ್ ಅಂತೀವಿ. ತುರ್ತು ಇದ್ದು, ಔಷಧ ನಿಧಾನಕ್ಕೆ ಹೊರಹೋಗೋ ಜಾತಿಯದ್ದಾದರೆ. ಅದನ್ನೂ ಎಷ್ಟೋ ಸಲ ಒಂದೇ ಏಟಿಗೆ ಕೊಡದೆ ಕೆಲವು ಗಂಟೆಗಳ ಅಂತರದಲ್ಲಿ ಭಾಗ ಮಾಡಿ ಕೊಡ್ತೀವಿ.

ಇಲ್ಲಿ ಡಿಜಾಕ್ಸಿನ್ ಕಥೆ ಹೇಳಬೇಕು, ಯಾಕಂದ್ರೆ ಈ ಪುಸ್ತಕದ ಲೆಕ್ಕ ನಿಜಜೀವನದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟಿದ್ದು ಅಂತ ನನಗೆ ಕಲಿಸಿದ್ದು ಅದು. ಹೃದಯದ ಔಷಧ. ಹೆಚ್ಚಾದ್ರೆ ವಾಂತಿ, ಕಣ್ಣಿಗೆ ಹಳದಿ ಮಬ್ಬು, ಕೊನೆಗೆ ಹೃದಯದ ಲಯವೇ ತಪ್ಪುತ್ತೆ. ಹೆಚ್ಚಿನ ಪಾಲು ಕಿಡ್ನಿಯಿಂದ ಹೊರಹೋಗುತ್ತೆ. ಜೆಲಿಫ್ ಅನ್ನೋರು ಕೊಟ್ಟ ಒಂದು ಸರಳ ಸೂತ್ರ ಇದೆ: ದಿನಕ್ಕೆ ಹೋಗೋ ಶೇಕಡಾ = 14 + (ಕ್ರಿಯಾಟಿನಿನ್ ಕ್ಲಿಯರೆನ್ಸ್ / 5). ಕಿಡ್ನಿ ಚೆನ್ನಾಗಿದ್ದು ಕ್ಲಿಯರೆನ್ಸ್ 100 ಇದ್ದರೆ ದಿನಕ್ಕೆ 34% ಹೋಗುತ್ತೆ. ಕಿಡ್ನಿ ಸೋತು ಅದು 10ಕ್ಕೆ ಇಳಿದಿದ್ದರೆ 16% ಮಾತ್ರ.

ಇಬ್ಬರಿಗೂ ದಿನಾ 0.25 ಮಿ.ಗ್ರಾಂ ಕೊಡೋಣ. ಲೆಕ್ಕ ಸುಲಭ ಆಗಲಿ ಅಂತ ಪೂರ್ತಿ ರಕ್ತಕ್ಕೆ ಸೇರುತ್ತೆ ಅಂದುಕೊಳ್ಳಿ, ಮಾತ್ರೆಯಲ್ಲಿ ನಿಜವಾಗಿ ಅಷ್ಟು ಸೇರಲ್ಲ. ಮೊದಲನೆಯವರ ಗುರಿ 0.25/0.34, ಸುಮಾರು 0.74 ಮಿ.ಗ್ರಾಂ. ಎರಡನೆಯವರದ್ದು 0.25/0.16, ಸುಮಾರು 1.56. ಎರಡು ಪಟ್ಟಿಗಿಂತ ಹೆಚ್ಚು. ಅಪಾಯ ಇಷ್ಟೇ ಆಗಿದ್ದರೆ ಬೇಗ ಗೊತ್ತಾಗ್ತಿತ್ತು. ಆದರೆ ಎರಡನೆಯವರಲ್ಲಿ ಕೊರತೆ ದಿನಕ್ಕೆ 0.84 ಪಾಲಾಗಿ ಮಾತ್ರ ಕುಗ್ಗುತ್ತೆ. ಐದನೇ ದಿನ ಅವರ ಮೈಯಲ್ಲಿ ಸುಮಾರು 0.91 ಇರುತ್ತೆ. ಹೆಚ್ಚೇನೂ ಇಲ್ಲವಲ್ಲ, ಇದೇ ಡೋಸ್ ಮುಂದುವರಿಸೋಣ ಅಂತ ಮನೆಗೆ ಕಳಿಸಿದರೆ, ಮಟ್ಟ ಇನ್ನೂ ಎರಡು ವಾರ ಸದ್ದಿಲ್ಲದೆ ಏರ್ತಾ ಇರುತ್ತೆ. ನಾನು ಹೊಸಬನಾಗಿದ್ದಾಗ ಇಂಥದ್ದೇ ಒಬ್ಬರು ಮೂರನೇ ವಾರಕ್ಕೆ ವಾಂತಿ ಮಾಡಿಕೊಂಡು ವಾಪಸ್ ಬಂದಿದ್ದರು. ಮೊದಲ ವಾರದ ರಿಪೋರ್ಟಿನಲ್ಲಿ ಎಲ್ಲಾ ಸರಿ ಇತ್ತು. ಅದನ್ನು ಓದಿದವರಲ್ಲಿ ನಾನೂ ಒಬ್ಬ.

ಗುರಿ ಗೊತ್ತಿದ್ರೆ ಡೋಸ್ ಹಿಂದಕ್ಕೆ ಹೋಗಿ ಸಿಗುತ್ತೆ: 0.74 × 0.16, ಅಂದ್ರೆ 0.118. ಕೈಗೆ ಸಿಗೋ 0.125ರ ಮಾತ್ರೆ ಹೆಚ್ಚು ಕಮ್ಮಿ ಅದೇ.

ಹೊಂಗೆನೆರಳು
ಇದನ್ನ ಮಗಳಿಗೆ ಓದಿ ಹೇಳಿದೆ. "ಹಾಗಾದ್ರೆ ಸೂತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಡೋಸ್ ಅಲ್ಲ, ಛೇದ" ಅಂದಳು.

ತಾಳೆಪುಟ
ಅವಳಿಗೆ ಪಾಠ ಬಂತು ಬಿಡಿ.

ನೇರನುಡಿ
ಕಹಿಗುಳಿಗೆ ಅವರೇ, ನನ್ನ ಲೆಕ್ಕದ ವಿಷಯಕ್ಕೆ ಬರ್ತೀನಿ ಅಂದಿದ್ರಿ.

ಕಹಿಗುಳಿಗೆ
ಮರೆತಿಲ್ಲ. ಮೂರ್ಛೆರೋಗಕ್ಕೆ ಕೊಡೋ ಫೆನಿಟಾಯಿನ್ ನೋಡಿ. ಅದನ್ನ ಒಡೆಯೋದು ಲಿವರ್‌ನ ಕಿಣ್ವಗಳು. ಔಷಧ ಕಡಿಮೆ ಇದ್ದಾಗ ಇಷ್ಟು ಪಾಲು ಅಂತ ಒಡೆಯುತ್ತವೆ. ಚಿಕಿತ್ಸೆಗೆ ಬೇಕಾದ ಮಟ್ಟಕ್ಕೆ ಬರೋ ಹೊತ್ತಿಗೆ ಕೈ ತುಂಬಿಹೋಗಿ, ದಿನಕ್ಕೆ ಇಷ್ಟೇ ಮಿ.ಗ್ರಾಂ ಅನ್ನೋ ಹಾಗಾಗುತ್ತವೆ. ಅಲ್ಲಿಂದ ಮುಂದೆ ನೀವು ಹೇಳಿದ ಲೆಕ್ಕವೇ ನಿಜಕ್ಕೆ ಹತ್ತಿರ.

ಒಬ್ಬರ ಲಿವರ್ ದಿನಕ್ಕೆ ಗರಿಷ್ಠ 500 ಮಿ.ಗ್ರಾಂ ಒಡೆಯಬಲ್ಲದು, ರಕ್ತದಲ್ಲಿ ಲೀಟರಿಗೆ 4 ಮಿ.ಗ್ರಾಂ ಇದ್ದಾಗ ಆ ಶಕ್ತಿಯ ಅರ್ಧ ಕೆಲಸ ಮಾಡುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ 300 ಕೊಟ್ಟರೆ ರಕ್ತದ ಮಟ್ಟ 6ರಲ್ಲಿ ನಿಲ್ಲುತ್ತೆ. ಸಾಲದು, ಯಾಕಂದ್ರೆ ಸಾಮಾನ್ಯವಾಗಿ ಬೇಕಾಗಿರೋದು 10ರಿಂದ 20. 400 ಕೊಟ್ಟರೆ 16, ಸರಿಯಾಯ್ತು. ಇನ್ನು ಬರೀ 50 ಸೇರಿಸಿ 450 ಮಾಡಿದರೆ 36! ರೋಗಿ ತೂರಾಡ್ತಾರೆ, ಕಣ್ಣು ಅದುರುತ್ತೆ. 500 ದಾಟಿದ್ರೆ ನಿಲ್ಲೋ ಮಟ್ಟವೇ ಇಲ್ಲ, ಏರ್ತಾನೇ ಹೋಗುತ್ತೆ. ಇಲ್ಲಿ ಗುಣೋತ್ತರ ಶ್ರೇಢಿ ಹಾಕೋ ಹಾಗಿಲ್ಲ, ಯಾಕಂದ್ರೆ r ದಿನದಿಂದ ದಿನಕ್ಕೆ ಬದಲಾಗುತ್ತೆ.

ನೇರನುಡಿ
ಅಂದ್ರೆ ನಾನು ಸರಿಯಾದ ಲೆಕ್ಕವನ್ನ ತಪ್ಪು ಔಷಧಕ್ಕೆ ಹಾಕಿದ್ದೆ. ಒಪ್ಪಿದೆ. ಆದರೆ ಮಕ್ಕಳ ಪುಸ್ತಕದಲ್ಲಿ ಇದು ಎಲ್ಲಾ ಔಷಧಕ್ಕೂ ಹೊಂದಲ್ಲ ಅಂತ ಒಂದು ಸಾಲು ಬರೀಬೇಕಿತ್ತು.

ಸೊನ್ನೆಒಂದು
ನನಗೆ ಇನ್ನೂ ಒಂದು ತಕರಾರು ಇದೆ. "ದೀರ್ಘಕಾಲದಲ್ಲಿ ಉಳಿಯುವ ಪ್ರಮಾಣ" ಅಂದ್ರೆ 250ಯೂ ಅಲ್ಲ 150ಯೂ ಅಲ್ಲ, ಸರಾಸರಿ ಅನ್ನೋದು ನನ್ನ ವಾದ. ಆ ಎರಡೂ ದಿನದಲ್ಲಿ ಒಂದೊಂದು ಕ್ಷಣ ಮಾತ್ರ ಇರೋವು.

ಗಡಿಬಿಡಿ
ಸರಾಸರಿ 200. ಮುಗೀತು.

ಸೊನ್ನೆಒಂದು
ಅದೂ ಅಲ್ಲ. 250ರಿಂದ ಇಳಿಯೋದು ನೇರ ಗೆರೆಯಲ್ಲಿ ಅಲ್ಲ, ಮೊದಲು ಜೋರಾಗಿ ಆಮೇಲೆ ನಿಧಾನವಾಗಿ. ದಿನದ ಹೆಚ್ಚು ಹೊತ್ತು ಕೆಳಗಡೆಯೇ ಕಳೆಯುತ್ತೆ. 100/ln(1/0.6) ಅಂದ್ರೆ 195.8.

ತಾಳೆಪುಟ
ಸರಿ, ಆದರೆ 24 ಗಂಟೆಯ ಒಳಗೆ ಹೇಗೆ ಇಳಿಯುತ್ತೆ ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಅದು ನೀವು ಸೇರಿಸಿಕೊಂಡಿದ್ದು. ಶ್ರೇಢಿಯ ಪಾಠದಲ್ಲಿ ಲಾಗರಿದಮ್ ತರೋ ಹಾಗಿಲ್ಲ. "ಉಳಿಯುವ" ಅನ್ನೋ ಪದಕ್ಕೆ ಹೋಗಿ ಉಳಿದದ್ದು ಅಂತ ಅರ್ಥ ಮಾಡಿದರೆ 150, ಅದೇ ಪುಸ್ತಕದ ಲೆಕ್ಕ.

ಸೊನ್ನೆಒಂದು
"ಇರುವ" ಅನ್ನೋ ಅರ್ಥದಲ್ಲೂ "ಉಳಿಯುವ" ಬಳಸ್ತೀವಿ ಸರ್. ನನ್ನ ಪ್ರಕಾರ ಪ್ರಶ್ನೆಯೇ ಅಪೂರ್ಣ.

ಕಹಿಗುಳಿಗೆ
ನಮಗೆ ಮೂರೂ ಬೇಕು. ಮೇಲಿನ ಅಂಚು ವಿಷ ಆಗುತ್ತಾ ಅಂತ ನೋಡೋಕೆ, ಕೆಳಗಿನದು ಕೆಲಸ ನಿಲ್ಲಿಸುತ್ತಾ ಅಂತ ನೋಡೋಕೆ, ಸರಾಸರಿ ಡೋಸ್ ಹೊಂದಿಸೋಕೆ. ರಕ್ತ ತೆಗೆಯೋದು ಹೆಚ್ಚಾಗಿ ಮುಂದಿನ ಡೋಸಿಗೆ ಸ್ವಲ್ಪ ಮುಂಚೆ, ಅಂದ್ರೆ 150ರ ಕಡೆ. ಹಾಗಂತ ಸೊನ್ನೆಒಂದು ಅವರ ಆಕ್ಷೇಪ ನನಗೆ ತಪ್ಪು ಅನ್ನಿಸಲ್ಲ.

ತಾಳೆಪುಟ
ನನಗೆ ಅನ್ನಿಸುತ್ತೆ. ಪರೀಕ್ಷೆಯಲ್ಲಿ ಮಗು 195.8 ಬರೆದರೆ ಅಂಕ ಕೊಡೋಕಾಗಲ್ಲ. 250 ಬರೆದು "ಮಾತ್ರೆಯ ನಂತರ" ಅಂತ ಸೇರಿಸಿದರೆ ನಾನು ಪೂರ್ತಿ ಕೊಡ್ತೀನಿ.

ಬೆಳ್ಳಿಮೋಡ
ಒಂದೇ ಸಲ 100 ತಗೊಳ್ಳೋ ಬದಲು ಬೆಳಗ್ಗೆ 50 ರಾತ್ರಿ 50 ತಗೊಂಡ್ರೆ? ನನ್ನ ಅತ್ತೆಗೆ ಹಾಗೇ ಬರೆದುಕೊಟ್ಟಿದ್ದಾರೆ, ಬೇರೆ ಮಾತ್ರೆ.

ಸೊನ್ನೆಒಂದು
12 ಗಂಟೆಗೆ ಉಳಿಯೋ ಪಾಲು 0.6ರ ವರ್ಗಮೂಲ, 0.775. ಮೇಲಿನ ಅಂಚು 50/(1 − 0.775), ಸುಮಾರು 222. ಕೆಳಗಿನದು 172. ಸರಾಸರಿ ಅದೇ 195.8. ಅದಕ್ಕೇ ನಾನು ಸರಾಸರಿ ಅಂತ ಹಟ ಹಿಡಿಯೋದು, ಡೋಸ್ ಹೇಗೆ ಒಡೆದರೂ ಅದು ಅಲುಗಲ್ಲ.

ತಾಳೆಪುಟ
0.3 ಅಂತ ಅರ್ಧಕ್ಕೆ ಭಾಗಿಸದೆ ವರ್ಗಮೂಲ ಯಾಕೆ ಅಂತ ಮಗಳಿಗೆ ಕೇಳಿ ಮೇಡಂ. ಎರಡು ಸಲ 0.775 ಗುಣಿಸಿದ್ರೆ 0.6 ಬರಬೇಕು, ಅದು ಹೊಳೆದರೆ ಸಾಕು.

ಹೊಂಗೆನೆರಳು
ಕೇಳೋಕೆ ಮುಂಚೆ ಅವಳೇ ನಾಲ್ಕು ಭಾಗ ಮಾಡಿದ್ದಾಳೆ. ಆರು ಗಂಟೆಗೊಮ್ಮೆ 25. ವರ್ಗಮೂಲದ ವರ್ಗಮೂಲ 0.88, ಮೇಲೆ 208.5, ಕೆಳಗೆ 183.5 ಅಂತೆ. ಪುಸ್ತಕದ ಹಿಂದಿನ 150ರ ಪಕ್ಕ ಪೆನ್ಸಿಲಲ್ಲಿ "ಮಾತ್ರೆಗೆ ಮುಂಚೆ" ಅಂತ ಬರೆದಿಟ್ಟಳು.